ಹತ್ತು, ಏಳು, ಐದು, ಮೂರು, ನಾಳೆ, ಇಂದಿನಿಂದ

ಚನ್ನಗಿರಿ ತಾಲೂಕಿನ ಕತ್ತಲಗೆರೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ, ಭದ್ರಾ ನೀರಿನ ಗದ್ದೆಗಳು, ಅಡಿಕೆ ತೋಟಗಳು. ಇಂಥ ಊರಿನಲ್ಲಿ ಒಂದು ಮಹಿಳಾ ಸ್ವಸಹಾಯ ಸಂಘ ಖಾರ ಮಂಡಕ್ಕಿಯ ಪ್ಯಾಕೆಟ್ ಮಾಡಿ ಮಾರಲು ಹೊರಟಿದೆ ಎಂದು ಇಟ್ಟುಕೊಳ್ಳೋಣ. ಮಾಲು ಹೊರಬರುವ ದಿನ 2026ರ ಯುಗಾದಿ, ಮಾರ್ಚ್ 19, ಗುರುವಾರ. ಅದಕ್ಕೆ ಹತ್ತು ದಿನ ಮೊದಲಿನಿಂದ ಜನರಲ್ಲಿ ಕುತೂಹಲ ಹುಟ್ಟಿಸಬೇಕು, ದಿನ ಎಣಿಸುವಂತೆ ಮಾಡಬೇಕು, ಯುಗಾದಿಯ ಬೆಳಿಗ್ಗೆ ಆ ಎಣಿಕೆ ನಿಂತು ‘ಬಂದಿದೆ, ಇಲ್ಲಿ ಸಿಗುತ್ತದೆ’ ಎಂಬ ಪ್ರಕಟಣೆಯಾಗಬೇಕು. ನೋಡುವವರಿಗೆ ಇದು ನಾಲ್ಕಾರು ಚಿತ್ರಗಳ ಕೆಲಸ. ಮಾಡುವವರಿಗೆ ಮಾತ್ರ ಗೊತ್ತು, ಇದರ ಜಾಣತನವೆಲ್ಲ ಚಿತ್ರಕ್ಕಿಂತ ಹೆಚ್ಚಾಗಿ ದಿನಾಂಕವನ್ನು ನಿಭಾಯಿಸುವುದರಲ್ಲಿದೆ ಎಂದು.

ಬಲ್ಲವರು ಮೊದಲು ತೆರೆಯುವುದು ಒಂದು ಗೂಗಲ್ ಶೀಟ್. ಅದರ B1 ಸೆಲ್‌ನಲ್ಲಿ ಬಿಡುಗಡೆಯ ದಿನಾಂಕ ಬರೆಯುತ್ತಾರೆ. ಇಡೀ ಶೀಟ್‌ನಲ್ಲಿ ಕೈಯಿಂದ ಬರೆಯುವ ದಿನಾಂಕ ಅದೊಂದೇ. ಅದರ ಕೆಳಗೆ, ನಾಲ್ಕನೆಯ ಸಾಲಿನಿಂದ, A ಕಾಲಂನಲ್ಲಿ ಉಳಿದ ದಿನಗಳು: 10, 7, 5, 3, 2, 1, 0. B ಕಾಲಂನಲ್ಲಿ ಆ ಪೋಸ್ಟ್ ಹೋಗಬೇಕಾದ ದಿನಾಂಕ, C ಕಾಲಂನಲ್ಲಿ ಚಿತ್ರದ ಮೇಲಿನ ಮಾತು. ಈ ಎರಡನ್ನೂ ಶೀಟ್ ತಾನೇ ಲೆಕ್ಕ ಹಾಕುತ್ತದೆ:

```
B4:  =$B$1-A4
C4:  =IFS(A4>1,"ಇನ್ನು "&A4&" ದಿನ", A4=1,"ನಾಳೆ", A4=0,"ಇಂದಿನಿಂದ")
```

ಹತ್ತರ ಪೋಸ್ಟ್ ಮಾರ್ಚ್ 9ಕ್ಕೆ, ಏಳರದು 12ಕ್ಕೆ, ಐದರದು 14ಕ್ಕೆ ಬಂದು ಕೂರುತ್ತದೆ. ಮೂರು, ಎರಡು, ಒಂದು ಕ್ರಮವಾಗಿ 16, 17, 18ಕ್ಕೆ. ಹಬ್ಬದ ಲೆಕ್ಕದಲ್ಲೋ ಮಾಲಿನ ತಯಾರಿಯಲ್ಲೋ ವ್ಯತ್ಯಾಸವಾಗಿ ದಿನ ಮುಂದಕ್ಕೆ ಹೋದರೆ B1 ಒಂದನ್ನೇ ತಿದ್ದಿದರೆ ಸಾಕು, ಏಳೂ ಸಾಲುಗಳು ಹಿಂದೆಯೇ ಸರಿಯುತ್ತವೆ. ದಿನಾಂಕಗಳನ್ನು ಒಂದೊಂದಾಗಿ ಬರೆದಿಟ್ಟವರು ಆರನ್ನು ತಿದ್ದಿ ಏಳನೆಯದನ್ನು ಮರೆಯುತ್ತಾರೆ. ಆ ಮರೆತ ಒಂದೇ ಪೋಸ್ಟ್ ಊರಿಗೆಲ್ಲ ತಪ್ಪು ದಿನ ಹೇಳುತ್ತದೆ.

ಇಲ್ಲಿ ಲೆಕ್ಕ ನಡೆಯುವುದು ದಿನಾಂಕದಲ್ಲಿ, ಗಂಟೆಯಲ್ಲಲ್ಲ ಎಂಬುದನ್ನು ಗಮನಿಸಬೇಕು. ಮಾರ್ಚ್ 16ರ ಬೆಳಿಗ್ಗೆ 9ರಿಂದ 19ರ ಬೆಳಿಗ್ಗೆ 9ಕ್ಕೆ ಸರಿಯಾಗಿ 72 ಗಂಟೆ, ಅಂದರೆ ಮೂರು ದಿನ. ಅದೇ ದಿನ ಸಂಜೆ 6ಕ್ಕೆ ನೋಡಿದರೆ ಉಳಿದಿರುವುದು 63 ಗಂಟೆ. ಅದನ್ನು 24ರಿಂದ ಭಾಗಿಸಿ ಶೇಷವನ್ನು ಬಿಟ್ಟರೆ ಯಂತ್ರ ‘ಎರಡು ದಿನ’ ಎನ್ನುತ್ತದೆ. ಜನ ಹಾಗೆ ಎಣಿಸುವುದಿಲ್ಲ. ಸೋಮವಾರ ಬೆಳಿಗ್ಗೆಯಾದರೂ ಸಂಜೆಯಾದರೂ ಗುರುವಾರಕ್ಕೆ ಮೂರೇ ದಿನ. ಒಂದು ದಿನ ಉಳಿದಾಗ ಯಾರೂ ‘ಇನ್ನು 1 ದಿನ’ ಎನ್ನುವುದಿಲ್ಲ, ‘ನಾಳೆ’ ಎನ್ನುತ್ತಾರೆ. ಸೂತ್ರದಲ್ಲಿ ಆ ಒಂದಕ್ಕೆ ಬೇರೆ ಜಾಗ ಕೊಟ್ಟಿರುವುದು ಅದಕ್ಕಾಗಿಯೇ.

ಇನ್ನು ಏನು ತೋರಿಸಬೇಕು? ಒಂದು ಪೋಸ್ಟಿಗೆ ಒಂದೇ ಹೊಸ ಸಂಗತಿ ಎಂಬುದು ನಿಯಮ. ಹತ್ತರಂದು ಬಿಸಿ ಮರಳಿನಲ್ಲಿ ಅಕ್ಕಿ ಅರಳುವ ಮಂಡಕ್ಕಿ ಭಟ್ಟಿಯ ಕೆಲವೇ ಸೆಕೆಂಡಿನ ವಿಡಿಯೊ, ಹೆಸರಿಲ್ಲ. ಏಳರಂದು ಊರಿನ ಹೆಸರು. ಐದರಂದು ಬಾಣಲೆಯಲ್ಲಿ ಬೆಳ್ಳುಳ್ಳಿ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ. ಇಷ್ಟಕ್ಕೆ ಅರ್ಧದಷ್ಟು ಜನ ಊಹಿಸಿರುತ್ತಾರೆ, ಊಹಿಸಲಿ ಎಂದೇ ಅದನ್ನು ಇಟ್ಟಿರುವುದು. ಮೂರರಂದು ಪ್ಯಾಕೆಟ್ಟಿನ ಒಂದು ಮೂಲೆ, ಎರಡರಂದು ಪೂರ್ತಿ ಪ್ಯಾಕೆಟ್. ‘ನಾಳೆ’ ಎನ್ನುವ ದಿನ ಯಾವ ಯಾವ ಊರಿನ ಅಂಗಡಿಗಳಲ್ಲಿ ಸಿಗುತ್ತದೆ ಎಂಬುದು: ಕತ್ತಲಗೆರೆ, ಚನ್ನಗಿರಿ, ಹೊನ್ನಾಳಿ. ಬೆಲೆಯನ್ನು ಕೊನೆಯ ದಿನದವರೆಗೂ ಹೇಳುವುದಿಲ್ಲ. ಬೆಲೆ ತಿಳಿದ ಕ್ಷಣ ಜನ ಕೊಳ್ಳುವುದೋ ಬಿಡುವುದೋ ತೀರ್ಮಾನಿಸಿಬಿಡುತ್ತಾರೆ. ಕೊಳ್ಳಲು ಮಾಲೇ ಇಲ್ಲದ ದಿನ ಆ ತೀರ್ಮಾನ ಮಾಡಿಸಿ ಪ್ರಯೋಜನವಿಲ್ಲ.

ಈ ಕಸುಬಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ತಿಳಿವಳಿಕೆಯೊಂದಿದೆ. ಫೇಸ್‌ಬುಕ್ ಪೋಸ್ಟುಗಳನ್ನು ಹಾಕಿದ ಕ್ರಮದಲ್ಲೇ ತೋರಿಸುವುದಿಲ್ಲ. 16ರಂದು ಹಾಕಿದ ‘ಇನ್ನು 3 ದಿನ’ ಒಬ್ಬರಿಗೆ ಅಂದೇ ಕಾಣುತ್ತದೆ, ಇನ್ನೊಬ್ಬರಿಗೆ 18ರ ರಾತ್ರಿ, ಮತ್ತೊಬ್ಬರಿಗೆ ಹಬ್ಬ ಮುಗಿದ ಮೇಲೆ. ಆ ಹೊತ್ತಿಗೆ ‘ಮೂರು ದಿನ’ ಸುಳ್ಳಾಗಿರುತ್ತದೆ. ಶನಿವಾರ ಅದನ್ನು ಕಂಡವರು ಮಂಗಳವಾರ ಅಂಗಡಿಗೆ ಬಂದು ‘ಇವತ್ತೇ ಅಲ್ವಾ?’ ಎಂದು ಕೇಳಿದರೆ ತಪ್ಪು ಅವರದಲ್ಲ. ವಾಟ್ಸ್ಯಾಪ್ ಸ್ಟೇಟಸ್ ಹಾಗಲ್ಲ, 24 ಗಂಟೆಯಲ್ಲಿ ತಾನಾಗಿ ಮಾಯವಾಗುತ್ತದೆ. ಬೆಳಿಗ್ಗೆ ಹಾಕಿದ ಸಂಖ್ಯೆ ಮರುದಿನದ ಬೆಳಿಗ್ಗೆಯಾಚೆಗೆ ಬದುಕುವುದಿಲ್ಲ. ಆದ್ದರಿಂದ ನುರಿತವರು ಅಳಿಸಿಹೋಗುವ ಜಾಗದಲ್ಲಿ ಸಂಖ್ಯೆ ಹಾಕುತ್ತಾರೆ, ಉಳಿಯುವ ಜಾಗದಲ್ಲಿ ದಿನಾಂಕ ಹಾಕುತ್ತಾರೆ. ಸ್ಟೇಟಸ್ಸಿನಲ್ಲಿ ‘ಇನ್ನು 3 ದಿನ’ ಎಂದು ದೊಡ್ಡದಾಗಿ. ಫೇಸ್‌ಬುಕ್ ಚಿತ್ರದ ಮೇಲೆ ‘ಮಾರ್ಚ್ 19, ಗುರುವಾರ, ಯುಗಾದಿ’ ಎಂದು ದೊಡ್ಡದಾಗಿ, ಸಂಖ್ಯೆ ಬೇಕೆಂದರೆ ಮೇಲಿನ ಬರಹದಲ್ಲಿ ಮಾತ್ರ. ಬರಹವನ್ನು ಆಮೇಲೆ ತಿದ್ದಬಹುದು, ಚಿತ್ರದೊಳಗೆ ಅಚ್ಚಾದ ಅಂಕಿಯನ್ನು ತಿದ್ದಲಾಗುವುದಿಲ್ಲ. ವಾಟ್ಸ್ಯಾಪ್ ಬ್ರಾಡ್‌ಕಾಸ್ಟ್ ಬಳಸುವವರು ಮತ್ತೊಂದನ್ನು ನೆನಪಿಡಬೇಕು: ಕಳಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹತ್ತರ ಪೋಸ್ಟಿನಲ್ಲೇ ‘ಈ ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಕೇಳಿದರೆ ಹಬ್ಬದ ದಿನಕ್ಕೆ ಪಟ್ಟಿ ಸಿದ್ಧವಾಗಿರುತ್ತದೆ.

ಫೇಸ್‌ಬುಕ್ ಪೋಸ್ಟುಗಳನ್ನು Meta Business Suite ಒಳಗಿನ Planner ಪುಟದಲ್ಲಿ ಮೊದಲೇ ಶೆಡ್ಯೂಲ್ ಮಾಡಿ ಇಡಬಹುದು. ಇಲ್ಲಿ ಕಾಡುವುದು ಗಡಿಯಾರ. ಸಂಘದ ಪುಟವನ್ನು ಕ್ಯಾಲಿಫೋರ್ನಿಯಾದಲ್ಲಿರುವ ಸದಸ್ಯೆಯ ಮಗ ನೋಡಿಕೊಳ್ಳುತ್ತಿದ್ದಾನೆ ಎನ್ನಿ. ಅವನು ತನ್ನ ಕಂಪ್ಯೂಟರಿನ ಸಮಯದಂತೆ ಮಾರ್ಚ್ 19ರ ಬೆಳಿಗ್ಗೆ 9 ಎಂದು ಹಾಕಿದರೆ ಕತ್ತಲಗೆರೆಯಲ್ಲಿ ಆಗ ಅದೇ ದಿನದ ರಾತ್ರಿ 9:30. ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಇದನ್ನು ಕಂಡುಹಿಡಿಯಲು ಹಬ್ಬದ ದಿನದವರೆಗೆ ಕಾಯಬೇಕಿಲ್ಲ. ಮಾರ್ಚ್ 9ರ ಮೊದಲ ಪೋಸ್ಟನ್ನು ಊರಿನಲ್ಲಿದ್ದವರೊಬ್ಬರು ತಮ್ಮ ಫೋನಿನಲ್ಲಿ ಕಾದು ನೋಡಿದರೆ ಸಾಕು. ಬೆಳಿಗ್ಗೆ 9ಕ್ಕೆ ಬರಬೇಕಾದದ್ದು ರಾತ್ರಿ ಬಂದರೆ ಆಗಲೇ ಶೆಡ್ಯೂಲ್ ಮಾಡಿಟ್ಟ ಉಳಿದವೂ ತಪ್ಪಾಗಿವೆ ಎಂದೇ ಅರ್ಥ, ತಿದ್ದಲು ಸಮಯವೂ ಇರುತ್ತದೆ. ಗೂಗಲ್ ಶೀಟ್‌ಗೂ ತನ್ನದೇ ಸಮಯವಲಯವಿರುತ್ತದೆ. ಅದನ್ನು File ಮೆನುವಿನ Settings ಒಳಗೆ ಭಾರತದ ಸಮಯಕ್ಕೆ ಇಟ್ಟುಕೊಳ್ಳಬೇಕು.

ಶೀಟ್‌ಗೊಂದು ಮಿತಿಯಿದೆ. B1 ತಿದ್ದಿದರೆ ಶೀಟ್ ಬದಲಾಗುತ್ತದೆಯೇ ಹೊರತು Plannerನಲ್ಲಿ ಆಗಲೇ ಇಟ್ಟ ಪೋಸ್ಟುಗಳಿಗೆ ಅದರ ಸುದ್ದಿಯೇ ತಿಳಿಯುವುದಿಲ್ಲ. ಅವನ್ನು ಒಂದೊಂದಾಗಿ ತೆರೆದು ಸರಿಸಬೇಕು. ಅದಕ್ಕೇ ಬಲ್ಲವರು ಏಳನ್ನೂ ಒಂದೇ ಸಲ ಇಡುವುದಿಲ್ಲ. ಹತ್ತು, ಏಳು, ಐದು ಮಾತ್ರ ಮೊದಲು. ಮಾರ್ಚ್ 15ರ ಸಂಜೆ ಸಂಘದವರು ಕೂತು ನೋಡುತ್ತಾರೆ: ಪ್ಯಾಕೆಟ್ ಎಷ್ಟು ಕಟ್ಟಿದೆ, ಎಫ್‌ಎಸ್‌ಎಸ್‌ಎಐ ನಂಬರ್ ಮತ್ತು ಬೆಲೆ ಅಚ್ಚಾಗಿದೆಯೇ, ಹೊನ್ನಾಳಿಗೆ ಮಾಲು ಒಯ್ಯುವ ಗಾಡಿ ಗೊತ್ತಾಗಿದೆಯೇ. ಎಲ್ಲಕ್ಕೂ ಹೌದು ಎಂದರೆ ಮಾತ್ರ ಉಳಿದ ಟೀಸರುಗಳು Plannerಗೆ ಹೋಗುತ್ತವೆ. ಯಾವುದಕ್ಕಾದರೂ ಇಲ್ಲ ಎಂದರೆ ಇನ್ನೂ ಪ್ಯಾಕೆಟ್ ತೋರಿಸಿಲ್ಲ, ಬೆಲೆ ಹೇಳಿಲ್ಲ. ‘ದಿನ ಮುಂದಕ್ಕೆ ಹೋಗಿದೆ’ ಎಂಬ ಒಂದು ಸಾಲು ಬರೆದು B1 ತಿದ್ದಿದರೆ ಯಾರೂ ಬೇಸರಿಸುವುದಿಲ್ಲ.

ಟೀಸರ್ ಪ್ರಕಟಣೆಯಾಗಿ ತಿರುಗುವ ಆ ಕೊನೆಯ ಹೆಜ್ಜೆಯನ್ನಂತೂ ಕ್ಯಾಲೆಂಡರಿನ ಕೈಗೆ ಪೂರ್ತಿಯಾಗಿ ಒಪ್ಪಿಸಬಾರದು. ಏಕೆ ಎಂಬುದಕ್ಕೆ ಕನ್ನಡ ಚಿತ್ರರಂಗದ್ದೇ ಉದಾಹರಣೆಯಿದೆ. ‘ಕೆಜಿಎಫ್ ಚಾಪ್ಟರ್ 2’ರ ಟೀಸರನ್ನು ಯಶ್ ಅವರ ಹುಟ್ಟುಹಬ್ಬವಾದ 2021ರ ಜನವರಿ 8ರ ಬೆಳಿಗ್ಗೆ 10:18ಕ್ಕೆ ಬಿಡುವುದಾಗಿ ಮೊದಲೇ ಸಾರಲಾಗಿತ್ತು. ಹಿಂದಿನ ಸಂಜೆ ಅದು ಸೋರಿಕೆಯಾಯಿತು. ಹೊಂಬಾಳೆ ಫಿಲ್ಮ್ಸ್ ಬೆಳಗಿನವರೆಗೆ ಕಾಯದೆ 7ರ ರಾತ್ರಿ 9:29ಕ್ಕೇ ತಾನೇ ಬಿಟ್ಟಿತು. ಹಾಗೆ ಬಿಡಲು ಸಾಧ್ಯವಾದದ್ದು ಬಿಡಬೇಕಾದದ್ದು ಹಿಂದಿನ ರಾತ್ರಿಗೇ ಪೂರ್ತಿ ಸಿದ್ಧವಿದ್ದುದರಿಂದ. ಕತ್ತಲಗೆರೆಯ ಸಂಘಕ್ಕೂ ಇದೇ ಪಾಠ. ಚನ್ನಗಿರಿಯ ಅಂಗಡಿಯವರು 17ರ ಸಂಜೆಯೇ ಪ್ಯಾಕೆಟ್ ಮುಂದೆ ತೂಗುಹಾಕಿ, ಯಾರೋ ಅದರ ಫೋಟೊ ಹಂಚಿದರೆ ಟೀಸರ್ ಅಲ್ಲಿಗೆ ಮುಗಿದಂತೆ. ಆಗ ‘ಇಂದಿನಿಂದ’ ಪ್ರಕಟಣೆ ಕೂಡಲೇ ಹೊರಡಬೇಕು, ಇನ್ನೂ ಹೋಗದೆ ಉಳಿದ ಟೀಸರ್ ಇದ್ದರೆ ಅದನ್ನು Plannerನಿಂದ ತೆಗೆದುಹಾಕಬೇಕು. ಈ ಎರಡನೆಯದನ್ನು ಮರೆತರೆ ಮಾಲು ಅಂಗಡಿಯಲ್ಲಿದ್ದರೂ ಸಂಘದ ಪುಟವೇ ‘ನಾಳೆ’ ಎನ್ನುತ್ತಿರುತ್ತದೆ. ಎಲ್ಲವೂ ಸರಿಯಾಗಿದ್ದರೂ ಪ್ರಕಟಣೆಯನ್ನು ಮಧ್ಯರಾತ್ರಿ ಬಿಡುವುದಿಲ್ಲ. ಮೂರೂ ಊರಿನ ಅಂಗಡಿಗಳಿಂದ ‘ಮಾಲು ಬಂತು’ ಎಂಬ ಫೋನ್ ಬಂದ ಮೇಲೆ ಒಬ್ಬರು ಕೈಯಾರೆ ಒತ್ತುತ್ತಾರೆ.

ಪ್ರಕಟಣೆಯ ಭಾಷೆ ಟೀಸರಿನದಕ್ಕೆ ತದ್ವಿರುದ್ಧ. ಅಲ್ಲಿ ಮುಚ್ಚಿಟ್ಟದ್ದನ್ನೆಲ್ಲ ಇಲ್ಲಿ ಮೊದಲ ಎರಡು ಸಾಲಿನಲ್ಲೇ ಹೇಳಬೇಕು: ಏನು, ಎಷ್ಟು ಗ್ರಾಂ, ಎಷ್ಟು ಬೆಲೆ, ಯಾವ ಅಂಗಡಿ, ಯಾವ ನಂಬರ್. ಹತ್ತು ದಿನದಿಂದ ಒಂದನ್ನೂ ನೋಡದವರು ಇದೊಂದನ್ನೇ ಓದಿ ಅಂಗಡಿಗೆ ಹೊರಡುವಂತಿರಬೇಕು. ಅದನ್ನು ಪುಟದ ಮೇಲ್ತುದಿಗೆ ಪಿನ್ ಮಾಡಿದ ಮೇಲೆ ಅರ್ಧ ಗಂಟೆಯ ಇನ್ನೊಂದು ಕೆಲಸವಿದೆ: ಹಿಂದಿನ ಆರು ಪೋಸ್ಟುಗಳನ್ನೂ ತೆರೆದು, ಪ್ರತಿಯೊಂದರ ಬರಹದ ಮೊದಲ ಸಾಲಿಗೆ ‘ಈಗ ಅಂಗಡಿಗಳಲ್ಲಿ ಸಿಗುತ್ತಿದೆ’ ಎಂದು ಸೇರಿಸುವುದು. ಹಳೆಯ ಟೀಸರ್ ತಡವಾಗಿ ಯಾರ ಕಣ್ಣಿಗೆ ಬಿದ್ದರೂ ಅದೂ ಅಂದಿನಿಂದ ಪ್ರಕಟಣೆಯ ಕೆಲಸವನ್ನೇ ಮಾಡುತ್ತದೆ.