ಹೊರಡದವನ ಪಾಲು: ಗುಂಪು ಪ್ರವಾಸದ ನಷ್ಟದ ಲೆಕ್ಕ

ಗುಂಪಾಗಿ ಪ್ರವಾಸ ಗೊತ್ತುಮಾಡಿ, ವಿಮಾನದ ಟಿಕೆಟ್‌ನಿಂದ ಹಿಡಿದು ಕೋಣೆಯ ಮುಂಗಡದವರೆಗೆ ಎಲ್ಲವನ್ನೂ ಕಟ್ಟಿಯಾದ ಮೇಲೆ ಒಬ್ಬ ಸದಸ್ಯ ಹಿಂದೆ ಸರಿದರೆ, ಮರಳಿ ಬಾರದ ಹಣ ಯಾರ ಲೆಕ್ಕಕ್ಕೆ ಸೇರಬೇಕೆಂಬ ಪ್ರಶ್ನೆಗೆ ರೂಢಿಯಲ್ಲಿ ಎರಡು ಉತ್ತರಗಳಿವೆ. ಬಿಟ್ಟವನು ಕೊಟ್ಟ ಹಣವೆಲ್ಲ ಹೋಯಿತೆಂದು ಭಾವಿಸುವುದು ಮೊದಲನೆಯದು. ಒಟ್ಟು ನಷ್ಟವನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುವುದು ಎರಡನೆಯದು. ಮೊದಲನೆಯದರಲ್ಲಿ ಹೊರಟವರಿಗೆ ಅನಾಯಾಸ ಲಾಭವಾಗುವ ಸಂಭವವಿದ್ದರೆ, ಎರಡನೆಯದರಲ್ಲಿ ಮಾತಿಗೆ ನಿಂತವರೇ ದಂಡ ತೆರಬೇಕಾಗುತ್ತದೆ. ಇವೆರಡಕ್ಕಿಂತ ಸರಿಯಾದ ಅಳತೆಯೊಂದಿದೆ: ಆ ಸದಸ್ಯ ಬಂದಿದ್ದರೆ ಉಳಿದವರಿಗೆ ಎಷ್ಟು ಖರ್ಚಾಗುತ್ತಿತ್ತೋ ಅವನು ಬಾರದಿದ್ದಾಗಲೂ ಅಷ್ಟೇ ಆಗಬೇಕು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು.

ಈ ಅಳತೆಯನ್ನು ಬಳಸಲು ಖರ್ಚನ್ನು ಎರಡು ಬಗೆಯಾಗಿ ವಿಂಗಡಿಸಬೇಕಾಗುತ್ತದೆ. ಒಬ್ಬೊಬ್ಬರ ಹೆಸರಿಗೂ ಬೇರೆಬೇರೆಯಾಗಿ ಬೀಳುವ ವಿಮಾನದ ಟಿಕೆಟ್, ಪ್ರವೇಶ ಶುಲ್ಕ ಮುಂತಾದವು ತಲಾ ಖರ್ಚುಗಳು. ಒಬ್ಬರು ಕಡಿಮೆಯಾದರೂ ಮೊತ್ತ ಇಳಿಯದ ವಾಹನದ ಬಾಡಿಗೆ, ಕೋಣೆಯ ಬಾಡಿಗೆ ಮುಂತಾದವು ಕೂಡುಖರ್ಚುಗಳು. ತಲಾ ಖರ್ಚಿನಲ್ಲಿ ವಿವಾದಕ್ಕೆ ಹೆಚ್ಚು ಎಡೆಯಿಲ್ಲ, ಏಕೆಂದರೆ ಅಲ್ಲಿನ ನಷ್ಟ ಬಿಟ್ಟವನೊಬ್ಬನದೇ. ಜಗಳ ಹುಟ್ಟುವುದು ಕೂಡುಖರ್ಚಿನಲ್ಲಿ.

ಬೆಂಗಳೂರಿನಿಂದ ಕಾಶಿಗೆ ಹೊರಡುವ ಆರು ಜನರ ಗುಂಪೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಹೋಗಿಬರುವ ವಿಮಾನಕ್ಕೆ ತಲಾ 14,000 ರೂಪಾಯಿ. ಇಬ್ಬರಿಗೊಂದರಂತೆ ಮೂರು ಕೋಣೆಗಳಿಗೆ, ದಿನಕ್ಕೆ 3,000ದಂತೆ, ನಾಲ್ಕು ರಾತ್ರಿಗೆ 36,000, ಅಂದರೆ ತಲಾ 6,000. ಪ್ರಯಾಗರಾಜ್ ಮತ್ತು ಅಯೋಧ್ಯೆಗೂ ಹೋಗಿಬರಲು ಗೊತ್ತುಮಾಡಿದ ವಾಹನಕ್ಕೆ 18,000, ಅಂದರೆ ತಲಾ 3,000. ಹೀಗೆ ಪ್ರತಿಯೊಬ್ಬರೂ 23,000 ರೂಪಾಯಿ ಕೊಟ್ಟಾದ ಮೇಲೆ, ಪ್ರಯಾಣಕ್ಕೆ ಹನ್ನೆರಡು ದಿನ ಇರುವಾಗ ಒಬ್ಬರು ಬರಲಾಗುವುದಿಲ್ಲವೆಂದು ತಿಳಿಸುತ್ತಾರೆ.

ಟಿಕೆಟ್ ರದ್ದುಮಾಡಿದಾಗ ವಿಮಾನ ಸಂಸ್ಥೆ 9,000 ಮುರಿದುಕೊಂಡು 5,000 ಮರಳಿಸಿತೆಂದುಕೊಳ್ಳೋಣ. ಮರುಪಾವತಿಯೇ ಇಲ್ಲವೆಂದು ಮಾರಿದ ಟಿಕೆಟ್ಟಿನಲ್ಲೂ ಒಂದಷ್ಟು ಹಣ ವಾಪಸು ಬರುತ್ತದೆಂಬುದು ಅನೇಕ ಗುಂಪುಗಳಿಗೆ ತಿಳಿದಿರುವುದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಮೇಲ್ಶುಲ್ಕಗಳ ಮೊತ್ತವನ್ನು ಮೀರುವಂತಿಲ್ಲ. ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ಮೊದಲಾದವನ್ನು ರಿಯಾಯಿತಿ ಟಿಕೆಟ್ಟಿನಲ್ಲೂ ಹಿಂದಿರುಗಿಸಬೇಕು. ಆದರೆ ಆರೂ ಟಿಕೆಟ್‌ಗಳನ್ನು ಒಟ್ಟಾಗಿ ಕಾದಿರಿಸಿದ್ದರೆ ಈ ಹಣ ಬರುವುದು ಅವನ್ನು ಕೊಂಡವರ ಕಾರ್ಡಿಗೋ ಖಾತೆಗೋ ಹೊರತು ಬಿಟ್ಟವರ ಕೈಗಲ್ಲ. ಹಣ ಬಂದದ್ದು ಸಂಘಟಕರ ಗಮನಕ್ಕೇ ಬಾರದೆ ಹೋಗುವುದೂ ಉಂಟು. ಆದ್ದರಿಂದ ರದ್ದತಿಯ ವಿವರಪಟ್ಟಿಯನ್ನು ಕೇಳಿ ಪಡೆಯುವುದನ್ನು ಅಪನಂಬಿಕೆಯೆಂದು ತಿಳಿಯಬೇಕಾಗಿಲ್ಲ.

ಹೋಟೆಲಿನಿಂದಲೂ ವಾಹನದಿಂದಲೂ ಏನೂ ಮರಳದಿದ್ದರೆ ಒಟ್ಟು ನಷ್ಟ 9,000, 6,000 ಮತ್ತು 3,000 ಸೇರಿ 18,000 ಆಗುತ್ತದೆ. ಅದನ್ನು ಆರು ಜನ ಸಮನಾಗಿ ಹಂಚಿಕೊಂಡರೆ ಹೊರಟ ಐವರ ಮೇಲೂ ತಲಾ 3,000 ಹೆಚ್ಚಿನ ಹೊರೆ ಬೀಳುತ್ತದೆ. ಬಿಟ್ಟವನ 23,000 ಪೂರ್ತಿ ಮುಟ್ಟುಗೋಲಾದರೆ ಮರಳಿ ಬಂದ 5,000 ಗುಂಪಿನ ಊಟದ ಖರ್ಚಿಗೆ ಸೇರಿಹೋಗುತ್ತದೆ. ನ್ಯಾಯವಾದ ಲೆಕ್ಕದಲ್ಲಿ 18,000 ಬಿಟ್ಟವನ ಪಾಲಿಗೆ ಬಿದ್ದು, 5,000 ಅವನಿಗೆ ಸೇರುತ್ತದೆ. ಜೊತೆಗಾರನಿಲ್ಲದೆ ಒಂದು ಕೋಣೆಯಲ್ಲಿ ಒಬ್ಬನೇ ಉಳಿಯುವವನಿಂದ ಹೆಚ್ಚು ವಸೂಲು ಮಾಡುವ ಪ್ರಶ್ನೆಯೂ ಆಗ ಏಳುವುದಿಲ್ಲ, ಏಕೆಂದರೆ ಇನ್ನರ್ಧದ ಬಾಡಿಗೆ ಪಾವತಿಯಾಗಿಯೇ ಇರುತ್ತದೆ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 73ನೆಯ ಕಲಮಿನ ವಿವರಣೆಯು, ಕರಾರು ಮುರಿದುದರಿಂದಾದ ನಷ್ಟವನ್ನು ಅಂದಾಜು ಮಾಡುವಾಗ ಆ ತೊಂದರೆಯನ್ನು ನಿವಾರಿಸಲು ಯಾವ ದಾರಿಗಳಿದ್ದುವೆಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕೆನ್ನುತ್ತದೆ. ಸ್ನೇಹಿತರ ಪ್ರವಾಸ ನ್ಯಾಯಾಲಯದ ಮೆಟ್ಟಿಲೇರುವುದು ಅಪರೂಪವಾದರೂ ಈ ತತ್ತ್ವ ಅಲ್ಲಿಗೂ ಹೊಂದುತ್ತದೆ: ಕಡಿಮೆ ಮಾಡಬಹುದಾಗಿದ್ದ ನಷ್ಟವನ್ನು ಹಾಗೆಯೇ ಬೆಳೆಯಬಿಟ್ಟು, ಪೂರ್ತಿ ಮೊತ್ತವನ್ನು ಬಿಟ್ಟವನ ತಲೆಗೆ ಕಟ್ಟುವುದು ಸರಿಯಲ್ಲ. ಹನ್ನೆರಡು ದಿನ ಮೊದಲೇ ತಿಳಿಸಿರುವುದರಿಂದ ಹೋಟೆಲಿನವರನ್ನು ಕೇಳಿನೋಡಲು ಸಮಯವಿದೆ. ಅವರು ಒಂದು ಕೋಣೆಯನ್ನು ಬಿಟ್ಟುಕೊಡಲು ಒಪ್ಪಿ, ಒಂದು ರಾತ್ರಿಯ ಬಾಡಿಗೆ ಹಿಡಿದುಕೊಂಡು 9,000 ಮರಳಿಸಿ, ಇನ್ನೊಂದು ಕೋಣೆಗೆ ದಿನಕ್ಕೆ 800ರಂತೆ ಹೆಚ್ಚುವರಿ ಹಾಸಿಗೆ ಕೊಟ್ಟರೆ, ಅದರ 3,200 ಕಳೆದು 5,800 ಉಳಿತಾಯವಾಗುತ್ತದೆ. ಉಳಿದ ಐವರ ಹೊರೆ ಮೊದಲಿನಷ್ಟೇ ಇರುವುದರಿಂದ ಈ ಉಳಿತಾಯ ತತ್ತ್ವತಃ ಬಿಟ್ಟವನಿಗೆ ಸೇರಬೇಕು.

ಇಲ್ಲಿ ಹಣಕ್ಕೆ ಹೊರತಾದ ಬೆಲೆಯೊಂದು ಅಡಗಿದೆ. ಇಬ್ಬರ ಕೋಣೆಯಲ್ಲಿ ಮೂವರು ಮಲಗಿ, ಬೆಳಗಿನ ಗಂಗಾಸ್ನಾನಕ್ಕೆ ಹೊರಡುವ ಮೊದಲು ಒಂದೇ ಬಚ್ಚಲುಮನೆಗೆ ಸರದಿ ಕಾಯಬೇಕಾಗುವುದು ಹೊರಟವರ ಪಾಲಿನ ನಿಜವಾದ ತೊಂದರೆಯೇ. ಆದಕಾರಣ ಅವರ ಒಪ್ಪಿಗೆಯಿಲ್ಲದೆ ಈ ಏರ್ಪಾಟು ಮಾಡುವಂತಿಲ್ಲ. ಒಪ್ಪಿದರೆ ಆ ಮೂವರಿಗೂ ಉಳಿತಾಯದಲ್ಲಿ ಒಂದಂಶ, ತಲಾ 600 ಎನ್ನೋಣ, ಕೊಡುವುದು ಯುಕ್ತ. ಆಗ 1,800 ಕಳೆದು 4,000 ಬಿಟ್ಟವನಿಗೆ ಮರಳುತ್ತದೆ; ವಿಮಾನದ 5,000 ಸೇರಿ ಅವನಿಗೆ 9,000 ಸಿಕ್ಕಿ, ಅವನ ನಷ್ಟ 14,000ಕ್ಕೆ ನಿಲ್ಲುತ್ತದೆ. ವಾಹನದ ವಿಷಯದಲ್ಲಿ ಮಾತ್ರ ಇಂಥ ದಾರಿಯಿಲ್ಲ, ಏಕೆಂದರೆ ಐದು ಪ್ರಯಾಣಿಕರು ನಾಲ್ವರ ಸಣ್ಣ ಕಾರಿನಲ್ಲಿ ಹಿಡಿಸುವುದಿಲ್ಲ.

ಬದಲಿ ಸದಸ್ಯ ಸಿಕ್ಕರೆ ಚಿತ್ರ ಬದಲಾಗುತ್ತದೆ, ಆದರೆ ಅಂದುಕೊಂಡಷ್ಟು ಅಲ್ಲ. ವಿಮಾನದ ಟಿಕೆಟ್ಟನ್ನು ಇನ್ನೊಬ್ಬರ ಹೆಸರಿಗೆ ಮಾಡಿಕೊಡುವುದಿಲ್ಲವಾದ್ದರಿಂದ ಹೊಸಬರು ಅಂದಿನ ದರದಲ್ಲಿ ಬೇರೆ ಟಿಕೆಟ್ ಕೊಳ್ಳಬೇಕಾಗುತ್ತದೆ. ಹೀಗಾಗಿ ಅವರನ್ನು ಒಪ್ಪಿಸಲು ಕೋಣೆ ಮತ್ತು ವಾಹನದ 9,000ದ ಪಾಲಿನಲ್ಲಿ ರಿಯಾಯಿತಿ ಕೊಡಬೇಕಾಗಬಹುದು. ಆ ರಿಯಾಯಿತಿ ಬಿಟ್ಟವನ ಲೆಕ್ಕಕ್ಕೆ ಸೇರುತ್ತದೆ, ಉಳಿದದ್ದು ಅವನಿಗೆ ಸಲ್ಲುತ್ತದೆ. ಬದಲಿಯವರನ್ನು ಹುಡುಕುವ ಹೊಣೆ ಬಿಟ್ಟವನದು. ಒಟ್ಟಿಗೆ ಐದು ದಿನ ಕಳೆಯಬೇಕಾದವರು ಅಪರಿಚಿತರನ್ನು ಬೇಡವೆನ್ನುವುದು ತಪ್ಪಲ್ಲವಾದರೂ, ಕಾರಣವಿಲ್ಲದೆ ಬೇಡವೆಂದರೆ ಆ ಪಾಲನ್ನು ಕೇಳುವ ನೈತಿಕ ಹಕ್ಕು ಗುಂಪಿಗೆ ಉಳಿಯುವುದಿಲ್ಲ.

ಇನ್ನೂ ಗೊತ್ತುಮಾಡದ ಖರ್ಚುಗಳ ವಿಷಯ ಸರಳ. ಘಾಟ್‌ನಲ್ಲಿ 3,000 ರೂಪಾಯಿಗೆ ದೋಣಿ ಮಾಡಿಕೊಳ್ಳುವ ಯೋಚನೆಯಿತ್ತೆಂದೂ ಈಗ ತಲಾ 500ರ ಬದಲು 600 ಕೊಡಬೇಕಾಗುತ್ತದೆಂದೂ ವಾದಿಸಿದರೆ ಅದು ಬಿಟ್ಟವನನ್ನು ಕಟ್ಟಿಹಾಕುವುದಿಲ್ಲ; ಅವನು ಹಿಂದೆ ಸರಿದ ದಿನದವರೆಗೆ ಹಣ ಕೊಟ್ಟು ಅಥವಾ ಮಾತು ಕೊಟ್ಟು ಬದ್ಧವಾದ ಖರ್ಚುಗಳಷ್ಟೇ ಲೆಕ್ಕಕ್ಕೆ ಬರುತ್ತವೆ.

ಅನಾರೋಗ್ಯವೋ ಮನೆಯಲ್ಲಿ ಸಾವೋ ಕಾರಣವಾದಾಗ ಈ ಲೆಕ್ಕವನ್ನು ಓದಿಹೇಳುವುದು ಕಟುವಾಗಿ ತೋರುತ್ತದೆ. ಕಾರಣ ಯಾವುದಾದರೂ ನಷ್ಟದ ಮೊತ್ತ ಬದಲಾಗುವುದಿಲ್ಲ, ಅದನ್ನು ಯಾರು ಹೊರಬೇಕೆಂಬುದು ಬದಲಾಗಬಹುದು. ಸಂಗತಿ ನಡೆದ ಮೇಲೆ ಈ ಚರ್ಚೆಗೆ ಇಳಿದರೆ, ಸಂಕಟದಲ್ಲಿರುವವನು ಕೈಯೊಡ್ಡಬೇಕಾಗುತ್ತದೆ, ಉಳಿದವರು ದಾಕ್ಷಿಣ್ಯಕ್ಕೆ ತಲೆಯಾಡಿಸಬೇಕಾಗುತ್ತದೆ. ಮುಂಗಡ ಕೂಡಿಸುವ ದಿನವೇ, ಯಾರಿಗೆ ಏನಾಗುವುದೆಂದು ಯಾರಿಗೂ ತಿಳಿಯದಿರುವಾಗ, ಆಸ್ಪತ್ರೆಗೆ ದಾಖಲಾಗುವುದು ಅಥವಾ ಹತ್ತಿರದ ಬಂಧುವಿನ ಸಾವು ಎಂಬ ಎರಡು ಸಂದರ್ಭಗಳಲ್ಲಿ ಮಾತ್ರ ನಷ್ಟವನ್ನು ಎಲ್ಲರೂ ಸಮನಾಗಿ ಹೊರುವುದೆಂದು ಬರೆದಿಟ್ಟುಕೊಂಡರೆ, ಅದು ಆರು ಜನರ ನಡುವಿನ ಸಣ್ಣ ವಿಮೆಯಂತೆ ಕೆಲಸ ಮಾಡುತ್ತದೆ. ಮೇಲಿನ ಉದಾಹರಣೆಯಲ್ಲಿ ಆಗ 14,000ದ ನಷ್ಟ ಆರು ಪಾಲಾಗಿ, ಬಿಟ್ಟವನೂ ಸೇರಿ ಪ್ರತಿಯೊಬ್ಬರಿಗೂ ಸುಮಾರು 2,333 ರೂಪಾಯಿ ತಗಲುತ್ತದೆ.