‘ಈಗಿನ ಕೆಲಸ ಯಾಕೆ ಬಿಡ್ತಿದ್ದೀರಿ?’

ಸಂದರ್ಶನದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಿಗೆ ಹಳೆಯ ಕಂಪನಿಯ ಜಾತಕ ಬೇಕಿಲ್ಲ. ಇವರು ನಮ್ಮಲ್ಲಿ ನಿಲ್ಲುತ್ತಾರೆಯೇ, ನಾಳೆ ನಮ್ಮನ್ನೂ ಹೀಗೇ ದೂರುತ್ತಾರೆಯೇ ಎಂಬುದಷ್ಟೇ ತಿಳಿಯಬೇಕು.

ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ನಾಲ್ಕು ವರ್ಷದಿಂದ ಬಿಲ್ಲು, ಜಿಎಸ್‌ಟಿ ರಿಟರ್ನ್ ಇಷ್ಟೇ ಕೆಲಸ. ಬೇರೇನೂ ಕಲಿಸಲಿಲ್ಲವೆಂಬ ಸಿಟ್ಟಿದೆ. ಅದನ್ನು ಆಕೆ ಹೀಗೆ ಹೇಳಬಹುದು: “ಜಿಎಸ್‌ಟಿ ಕೆಲಸ ಅಲ್ಲೇ ಕಲಿತೆ ಸರ್, ಈಗ ಒಬ್ಬಳೇ ನಿಭಾಯಿಸುತ್ತೇನೆ. ಮುಂದೆ ಉತ್ಪಾದನಾ ವೆಚ್ಚದ ಲೆಕ್ಕ ಕಲಿಯಬೇಕೆಂದಿದೆ. ಅಲ್ಲಿ ಅದನ್ನು ಹೊರಗಿನವರು ಮಾಡುತ್ತಾರೆ. ನಿಮ್ಮಲ್ಲಿ ಅದಕ್ಕೇ ಹುದ್ದೆಯಿದೆ.” ಇದರಲ್ಲಿ ದೂರಿಲ್ಲ, ಸುಳ್ಳೂ ಇಲ್ಲ.

“ಅಲ್ಲೇ ಕೇಳಲಿಲ್ಲವೇ?” ಎಂಬುದು ಮುಂದಿನ ಪ್ರಶ್ನೆ. “ಕೇಳಿದ್ದೆ, ಸದ್ಯಕ್ಕೆ ಅವಕಾಶವಿಲ್ಲ ಎಂದರು” ಎಂದು ಅಲ್ಲಿಗೇ ನಿಲ್ಲಿಸಬೇಕು. ಮಾತು ಬೆಳೆದರೆ “ನಮ್ಮ ಮ್ಯಾನೇಜರ್ ಇದ್ದಾರಲ್ಲ...” ಎಂದು ಬಾಯಿ ಜಾರುತ್ತದೆ.

ಸಂಬಳವೇ ಸರಿಯಾಗಿ ಬರದಿದ್ದರೆ? “ಮೂರು ತಿಂಗಳಿಂದ ಸಂಬಳ ತಡವಾಗುತ್ತಿದೆ” ಎಂದು ಸಂಗತಿಯನ್ನಷ್ಟೇ ಹೇಳಿ. ಮಾಲೀಕರ ಗುಣಗಾನ ಬೇಡ. ಹಾಗೆಂದು ಇಲ್ಲದ ಕಾರಣ ಕಟ್ಟಿದರೂ ಕಷ್ಟ: ಹಳೆಯ ಕಚೇರಿಗೆ ಒಂದು ಫೋನ್ ಮಾಡಿದರೆ ಬಯಲಾಗುತ್ತದೆ.