ಟಿಎಸ್‌ಎಚ್ ನಾರ್ಮಲ್, ಆದರೂ ಥೈರಾಯ್ಡ್ ಕಡಿಮೆ

ಹೀಗೊಂದು ವರದಿಯನ್ನು ಎದುರಿಗೆ ಇಟ್ಟುಕೊಳ್ಳೋಣ. ವಯಸ್ಸು 34. ಎರಡನೇ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತು. ಆಮೇಲೆ ಎದೆಹಾಲು ಬರಲೇ ಇಲ್ಲ, ಮುಟ್ಟೂ ಮರಳಲಿಲ್ಲ. ಮೂರು ವರ್ಷದಿಂದ ಸುಸ್ತು. ಚಳಿ ಒಂಚೂರೂ ತಡೆಯುವುದಿಲ್ಲ. ಟಿಎಸ್‌ಎಚ್ 2.8. ಲ್ಯಾಬಿನ ಚೀಟಿಯಲ್ಲಿ 0.4ರಿಂದ 4.5ರವರೆಗೆ ನಾರ್ಮಲ್ ಎಂದಿದೆ. "ಥೈರಾಯ್ಡ್ ಚೆನ್ನಾಗಿದೆಯಮ್ಮಾ" ಎಂದು ಮನೆಗೆ ಕಳಿಸುವುದು ಎಷ್ಟು ಸುಲಭ!

ಆದರೆ ಟಿಎಸ್‌ಎಚ್ ಹುಟ್ಟುವುದು ಕುತ್ತಿಗೆಯಲ್ಲಲ್ಲ, ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ. ಥೈರಾಯ್ಡಿಗೆ "ಕೆಲಸ ಮಾಡು" ಎಂದು ಅದು ಕಳಿಸುವ ಆಜ್ಞೆಯೇ ಟಿಎಸ್‌ಎಚ್. ಥೈರಾಯ್ಡೇ ಕೆಟ್ಟು ಟಿ4 ಇಳಿದರೆ ಆಜ್ಞೆ ಜೋರಾಗುತ್ತದೆ. ಟಿಎಸ್‌ಎಚ್ 40, 80 ಆಗುವುದೂ ಉಂಟು. ಟಿಎಸ್‌ಎಚ್ ಹೆಚ್ಚು, ಟಿ4 ಕಡಿಮೆ: ಇದು ಪ್ರಾಥಮಿಕ ಕಾಯಿಲೆ, ನಮ್ಮಲ್ಲಿ ಹೆಚ್ಚಾಗಿ ಕಾಣುವಂಥದ್ದು.

ಪಿಟ್ಯುಟರಿಯ ಕಿವಿ ಬಹಳ ಸೂಕ್ಷ್ಮ. ಟಿ4 ನಾರ್ಮಲ್ ಮಿತಿಯೊಳಗೇ ತುಸು ಜಾರಿದರೂ ಟಿಎಸ್‌ಎಚ್ ಏರಿಬಿಡುತ್ತದೆ. ಟಿಎಸ್‌ಎಚ್ 7, ಟಿ4 ಸರಿಯಾಗಿದೆ ಎಂದರೆ ಅದು ಸಬ್‌ಕ್ಲಿನಿಕಲ್ ಹಂತ. ಇದು ಎಷ್ಟೋ ಸಲ ತಾನಾಗಿ ಇಳಿಯುತ್ತದೆ. ಆದ್ದರಿಂದ ಗರ್ಭಿಣಿಯರನ್ನು ಬಿಟ್ಟು ಉಳಿದವರು ಎರಡು ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷೆ ಮಾಡಿಸಿಯೇ ಮಾತ್ರೆಯ ಮಾತು ಆಡಬೇಕು. ಮತ್ತೆ 10 ದಾಟಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಕೊಡುತ್ತಾರೆ.

ಈಗ ಆ ತಾಯಿಗೆ ಫ್ರೀ ಟಿ4 ಕೂಡ ಮಾಡಿಸಿದರೆ 0.5 ಎಂದು ಬರುತ್ತದೆ, ಕನಿಷ್ಠ 0.8 ಇರಬೇಕಿತ್ತು. ಟಿ4 ಇಷ್ಟು ಕುಸಿದಿರುವಾಗ ಟಿಎಸ್‌ಎಚ್ ಹತ್ತಾರು ಪಟ್ಟು ಏರಬೇಕು. 2.8ರಲ್ಲೇ ನಿಂತಿದೆ ಎಂದರೆ ಆಜ್ಞೆ ಕೊಡುವವನೇ ಕುಸಿದಿದ್ದಾನೆ. ಇದೇ ಸೆಕೆಂಡರಿ ಕಾಯಿಲೆ. ಗರ್ಭಿಣಿಯಲ್ಲಿ ಪಿಟ್ಯುಟರಿ ಹಿಗ್ಗಿರುತ್ತದೆ. ಹೆರಿಗೆಯಲ್ಲಿ ರಕ್ತ ಸುರಿದು ಬಿಪಿ ಬಿದ್ದರೆ ರಕ್ತ ಸಿಗದೆ ಅದರ ಭಾಗ ಸಾಯುತ್ತದೆ. 1937ರಲ್ಲಿ ಇದನ್ನು ವಿವರಿಸಿದ ಬ್ರಿಟನ್ನಿನ ಹೆರಾಲ್ಡ್ ಶೀಹನ್ ಹೆಸರನ್ನೇ ಈ ಕಾಯಿಲೆಗೆ ಇಟ್ಟಿದ್ದಾರೆ. ಕೆಲವರಲ್ಲಿ ಟಿಎಸ್‌ಎಚ್ ತುಸು ಹೆಚ್ಚೇ ಬರುತ್ತದೆ. ಸತ್ವವಿಲ್ಲದ ಟಿಎಸ್‌ಎಚ್ ಅನ್ನೂ ಯಂತ್ರ ಎಣಿಸಿಬಿಡುತ್ತದೆ. ಆಗ ಸಬ್‌ಕ್ಲಿನಿಕಲ್ ಎಂದು ಮೋಸಹೋಗಬಹುದು. ಇನ್ನು, ಐಸಿಯುನಲ್ಲಿ ಮಲಗಿದವರಲ್ಲೂ ಇಂಥದೇ ಅಂಕಿಗಳು ಬರಬಹುದು. ಅದಕ್ಕೇ ಹೆರಿಗೆಯ, ಎದೆಹಾಲಿನ ಕಥೆಯನ್ನು ಕೇಳಲೇಬೇಕು.

ಫಲಿತಾಂಶ ನೋಡಿದ ಕೂಡಲೇ ಥೈರಾಕ್ಸಿನ್ ಶುರುಮಾಡುವುದು ಅಪಾಯ. ಪಿಟ್ಯುಟರಿ ಕೆಟ್ಟರೆ ಕಾರ್ಟಿಸಾಲ್ ಕೂಡ ಕಡಿಮೆಯಿರಬಹುದು, ಥೈರಾಕ್ಸಿನ್ ಅದನ್ನು ಇನ್ನಷ್ಟು ಬೇಗ ಕರಗಿಸುತ್ತದೆ; ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಮೊದಲು ಬೆಳಗಿನ ಕಾರ್ಟಿಸಾಲ್ ಪರೀಕ್ಷೆ, ಕಡಿಮೆಯಿದ್ದರೆ ಅದಕ್ಕೆ ಔಷಧಿ, ನಂತರ ಥೈರಾಕ್ಸಿನ್.

ಮುಂದೆ ಆಕೆಯ ಟಿಎಸ್‌ಎಚ್ 0.1ಕ್ಕೆ ಇಳಿದು, ಫ್ರೀ ಟಿ4 1.4 ಇರಬಹುದು. ಟಿಎಸ್‌ಎಚ್ ನೋಡಿ ಮಾತ್ರೆ ಕಡಿಮೆ ಮಾಡಬಾರದು. ಆಕೆಯ ಡೋಸ್ ನಿರ್ಧರಿಸುವುದು ಟಿ4 ಮಾತ್ರ.